ಆರಿಸಿದ ಟೀವಿಯ ಬೆಳಕು

ಬಾಡಿಗೆ ಮನೆಯ ಜಾಹೀರಾತಿನಲ್ಲಿ ಹಾಲ್‌ನ ಫೋಟೋ ಇದೆ ಎಂದುಕೊಳ್ಳಿ. ಸೋಫಾ ಇದೆ, ಬಲಗಡೆ ದೊಡ್ಡ ಕಿಟಕಿಯಿಂದ ಹಗಲು ಒಳಗೆ ಬಂದಿದೆ, ಎದುರು ಗೋಡೆಯ ಟೀವಿಯಲ್ಲಿ ಹಸಿರು ಬೆಟ್ಟ, ಜಲಪಾತ. ಎಲ್ಲವೂ ಅಚ್ಚುಕಟ್ಟು. ಆದರೂ ಕಣ್ಣು ಟೀವಿಯ ಮೇಲೆ ಬಿದ್ದ ಕೂಡಲೇ ಯಾರೋ ಅಲ್ಲಿ ಸ್ಟಿಕರ್ ಅಂಟಿಸಿದ್ದಾರೆ ಅನಿಸುತ್ತದೆ. ಏಕೆ ಹಾಗೆ ಅನಿಸಿತು ಎಂದು ಕೇಳಿದರೆ ಹೆಚ್ಚಿನವರಿಗೆ ಹೇಳಲು ಬರುವುದಿಲ್ಲ. ಕಣ್ಣು ಮಾತ್ರ ಮೋಸ ಹೋಗಿರುವುದಿಲ್ಲ.

ಫೋಟೋದಲ್ಲಿ ಟೀವಿ, ಲ್ಯಾಪ್‌ಟಾಪ್‌ಗಳ ಪರದೆಯ ಚಿತ್ರ ಬದಲಿಸುವುದು ದಿನನಿತ್ಯದ ಕೆಲಸ. ಉರಿಯುತ್ತಿರುವ ಪರದೆಯನ್ನು ನೇರವಾಗಿ ಕ್ಯಾಮೆರಾದಲ್ಲಿ ಹಿಡಿದರೆ ಅಲೆಅಲೆಯಾದ ಗೆರೆಗಳು ಬೀಳುತ್ತವೆ, ಇಲ್ಲವೇ ಅಡ್ಡಡ್ಡ ಕಪ್ಪು ಪಟ್ಟಿ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಯಾರದೋ ಖಾಸಗಿ ಕಡತ ತೆರೆದಿರಬಹುದು. ಹೊಸ ಆ್ಯಪ್‌ನ ಜಾಹೀರಾತು ಮಾಡುವವರಿಗಂತೂ ಆ ಆ್ಯಪೇ ಪರದೆಯಲ್ಲಿ ಕಾಣಬೇಕು. ಈ ಬದಲಾವಣೆ ನಂಬುವಂತಿರಬೇಕಾದರೆ ಎರಡು ಸಂಗತಿ ಕೂಡಿಬರಬೇಕು: ಆಕಾರ ಮತ್ತು ಬೆಳಕು. ಆಕಾರವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಬಹುಪಾಲು ಫೋಟೋಗಳು ಕೆಡುವುದು ಬೆಳಕಿನಲ್ಲಿ.

ಆಕಾರದಿಂದ ಶುರು ಮಾಡೋಣ. ಓರೆಯಿಂದ ನೋಡಿದ ಟೀವಿ ಫೋಟೋದಲ್ಲಿ ಆಯತವಾಗಿ ಉಳಿಯುವುದಿಲ್ಲ. ಹತ್ತಿರದ ಅಂಚು ಉದ್ದವಾಗಿ, ದೂರದ ಅಂಚು ಗಿಡ್ಡವಾಗಿ ಕಾಣುತ್ತದೆ. ಹೊಸ ಚಿತ್ರವನ್ನು ಬರೀ ಓರೆಯಾಗಿ ಎಳೆದು ಕೂರಿಸಿದರೆ ಅದರ ಎದುರುಬದುರು ಅಂಚುಗಳು ಸಮಾಂತರವಾಗಿಯೇ ಉಳಿದು, ಚೌಕಟ್ಟಿಗೆ ಕೂಡುವುದಿಲ್ಲ. ಬೇಕಾದುದು ನಾಲ್ಕು ಮೂಲೆಗಳನ್ನೂ ಬೇರೆಬೇರೆಯಾಗಿ ಎಳೆಯುವ ಸೌಲಭ್ಯ. ಫೋಟೋಶಾಪ್‌ನಲ್ಲಿ ಅದು `Distort`, ಗಿಂಪ್‌ನಲ್ಲಿ `Perspective`. ಅದರ ಹಿಂದಿರುವ ಗಣಿತಕ್ಕೆ ಹೋಮೋಗ್ರಫಿ ಎಂದು ಹೆಸರು. ಒಂದು ಸಮತಲವನ್ನು ಇನ್ನೊಂದಕ್ಕೆ ಹೊಂದಿಸಲು ಅದಕ್ಕೆ ಎಂಟು ಸಂಖ್ಯೆಗಳು ಬೇಕು. ಒಂದು ಮೂಲೆ ಎರಡನ್ನು ಕೊಡುತ್ತದೆ, ಹಾಗಾಗಿ ನಾಲ್ಕು ಮೂಲೆ ಸಿಕ್ಕರೆ ಲೆಕ್ಕ ಮುಗಿಯಿತು.

ನಮ್ಮ ಹಾಲ್‌ನ ಫೋಟೋದಲ್ಲಿ ಟೀವಿಯ ಎಡ ಅಂಚು 300 ಪಿಕ್ಸೆಲ್ ಎತ್ತರ, ಬಲ ಅಂಚು 240, ಎರಡರ ನಡುವಿನ ಅಂತರ 420 ಎಂದಿಟ್ಟುಕೊಳ್ಳಿ. ಎರಡು ಅಂಚುಗಳ ನಡುಬಿಂದು ಒಂದೇ ಮಟ್ಟದಲ್ಲಿದೆ. ಹಾಗಾದರೆ ಪರದೆಯ ನಟ್ಟನಡುವೆ ಎಲ್ಲಿ? 420ರ ಅರ್ಧ 210 ಎಂದು ಬಾಯಿಗೆ ಬರುತ್ತದೆ. ಅದು ತಪ್ಪು. ಮೂಲೆಯಿಂದ ಮೂಲೆಗೆ ಎರಡು ಕರ್ಣ ಎಳೆದರೆ ಅವು ಕೂಡುವುದು ಎಡದಿಂದ 233ನೇ ಪಿಕ್ಸೆಲ್‌ನಲ್ಲಿ. ಹತ್ತಿರದ ಅರ್ಧಕ್ಕೆ 233, ದೂರದ ಅರ್ಧಕ್ಕೆ 187. ಸುದ್ದಿ ಓದುವವರ ಮುಖ ಪರದೆಯ ನಡುವೆ ಇರಬೇಕಾದರೆ ಅದು ಕೂರಬೇಕಾದದ್ದು ಆ ಕರ್ಣಗಳ ಕೂಡುವಿಕೆಯಲ್ಲಿ. ಮೂಲೆಗಳೆಲ್ಲ ಸರಿಯಾಗಿ ಕೂತು ಒಳಗಿನ ಚಿತ್ರ ಮಾತ್ರ ವಿಚಿತ್ರವಾಗಿ ಕಂಡರೆ ಈ ಪರೀಕ್ಷೆ ಮಾಡಿ ನೋಡಬೇಕು. ಇದೇನೂ ಕಂಪ್ಯೂಟರ್ ಯುಗದ ಉಪಾಯವಲ್ಲ. ಇಟಲಿಯ ಲಿಯೋನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ, ನೆಲದ ಚೌಕಗಳನ್ನು ಸರಿಯಾಗಿ ಬಿಡಿಸಿದ್ದೀರೋ ಇಲ್ಲವೋ ಎಂದು ತಿಳಿಯಲು ಅವುಗಳಿಗೆ ಅಡ್ಡಲಾಗಿ ಒಂದೇ ನೇರ ಕರ್ಣ ಎಳೆದು ನೋಡಿ ಎಂದು ವರ್ಣಚಿತ್ರಕಾರರಿಗೆ ಹೇಳಿದ್ದ.

ಮೂಲೆಗಳೇ ಸ್ಪಷ್ಟವಾಗಿ ಕಾಣದಿದ್ದರೆ? ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಪರದೆಯ ಮೂಲೆ ದುಂಡಗಿರುತ್ತದೆ. ಕೆಲವೊಮ್ಮೆ ಹೂದಾನಿಯೊಂದು ಅಡ್ಡ ನಿಂತಿರುತ್ತದೆ. ಅಂಥ ಕಡೆ ಮೂಲೆಯನ್ನು ಊಹಿಸಬಾರದು. ಕಾಣುವ ಅಂಚುಗಳ ಉದ್ದಕ್ಕೂ ಗೆರೆ ಎಳೆದು, ಅವು ಮುಂದೆ ಹೋಗಿ ಕೂಡುವ ಜಾಗವನ್ನೇ ಮೂಲೆ ಎಂದು ಹಿಡಿಯಬೇಕು. ಮೊಬೈಲ್‌ನ ಅಗಲ ನೋಟದ ಲೆನ್ಸ್ ಇನ್ನೊಂದು ತೊಡಕು ತರುತ್ತದೆ. ಅದು ನೇರ ಅಂಚನ್ನು ಕೊಂಚ ಬಾಗಿಸಿಬಿಡುತ್ತದೆ. ಆಗ ನಾಲ್ಕು ಮೂಲೆ ಕೂತರೂ ಅಂಚಿನ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ಫೋಟೋದ ಮೇಲೆ ಸ್ಕೇಲ್ ಇಟ್ಟರೆ ಈ ಬಾಗು ಗೊತ್ತಾಗುತ್ತದೆ. ಲೆನ್ಸಿನ ಬಾಗನ್ನು ಮೊದಲು ತಿದ್ದಿ, ಆಮೇಲೆ ಚಿತ್ರ ಕೂರಿಸಬೇಕು. ಚಿತ್ರದ ಅಳತೆಯೂ ಪರದೆಯದೇ ಆಗಿರಲಿ. ಟೀವಿ 16:9, ಲ್ಯಾಪ್‌ಟಾಪ್ ಹಲವು ಸಲ 16:10. ಇದನ್ನು ಮರೆತರೆ ಪರದೆಯೊಳಗಿನ ಮುಖಗಳು ಉಬ್ಬುತ್ತವೆ, ಇಲ್ಲವೇ ಸೊರಗುತ್ತವೆ.

ಇನ್ನು ಬೆಳಕು.

ಪರದೆಯಿಂದ ಕಣ್ಣಿಗೆ ಎರಡು ಬೆಳಕು ಒಟ್ಟಿಗೆ ಬರುತ್ತವೆ. ಒಂದು, ಪರದೆ ತಾನೇ ಬೀರುವ ಚಿತ್ರದ ಬೆಳಕು. ಇನ್ನೊಂದು, ಕಿಟಕಿ, ದೀಪ, ಎದುರಿನ ಗೋಡೆಗಳಿಂದ ಬಂದು ಪರದೆಯ ಮೇಲ್ಮೈಗೆ ಬಡಿದು ವಾಪಸಾಗುವ ಬೆಳಕು. ಎರಡನೆಯದು ಮೊದಲನೆಯದನ್ನು ಮುಚ್ಚುವುದಿಲ್ಲ, ಅದರ ಜೊತೆ ಕೂಡಿಕೊಳ್ಳುತ್ತದೆ. ಇಷ್ಟು ಅರ್ಥವಾದರೆ ಅರ್ಧ ಕೆಲಸ ಆದಂತೆ. ಟೀವಿ ಆರಿಸಿದ್ದಾಗ ಅದರ ಮೇಲೆ ಏನೇನು ಕಾಣುತ್ತದೋ ಅದಷ್ಟೂ ಪ್ರತಿಫಲನವೇ, ಏಕೆಂದರೆ ಪರದೆ ಆಗ ತನ್ನದೇ ಬೆಳಕನ್ನು ಕೊಡುತ್ತಿಲ್ಲ. ಅಂದರೆ ಟೀವಿ ಆರಿಸಿ ತೆಗೆದ ಫೋಟೋದಲ್ಲಿ ಆ ಕೋಣೆಯ ಹೊಳಪು ಪೂರ್ತಿ ದಾಖಲಾಗಿರುತ್ತದೆ. ಅದನ್ನು ಅಳಿಸದೆ, ಹೊಸ ಚಿತ್ರದ ಬೆಳಕನ್ನು ಅದರ ಮೇಲೆ ಕೂಡಿಸಿದರೆ ಸಾಕು. ಕಪ್ಪು ಪರದೆ ಖಾಲಿ ಎಂದುಕೊಂಡು ಅದನ್ನು ಪೂರ್ತಿ ಮುಚ್ಚಿಬಿಡುವವರು ಕೈಗೆ ಸಿಕ್ಕ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಾರೆ.

ಕೂಡಿಸುವುದರಲ್ಲೂ ಒಂದು ಎಡವಟ್ಟಿದೆ. ಫೋಟೋದ ಪಿಕ್ಸೆಲ್‌ಗೆ 0ಯಿಂದ 255ರವರೆಗಿನ ಅಂಕೆ ಇರುತ್ತದಲ್ಲ, ಅದು ಬೆಳಕಿನ ನೇರ ಅಳತೆಯಲ್ಲ. ನಮ್ಮ ಕಣ್ಣು ಕತ್ತಲೆಯ ಸಣ್ಣ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುತ್ತದೆಂದು, ಅಂಕೆಗಳನ್ನು ಕತ್ತಲೆಯ ಕಡೆ ಹೆಚ್ಚಾಗಿ ಹಂಚಿರುತ್ತಾರೆ. ಹಾಗಾಗಿ ಅಂಕೆಗಳನ್ನು ಮೊದಲು ನಿಜವಾದ ಬೆಳಕಿಗೆ ತಿರುಗಿಸಿ, ಕೂಡಿಸಿ, ಮತ್ತೆ ಅಂಕೆಗೆ ತರಬೇಕು.

ನಮ್ಮ ಹಾಲ್‌ನ ಟೀವಿಗೇ ಬರೋಣ. ಆರಿಸಿದ ಪರದೆಯ ಮೇಲೆ ಕಿಟಕಿಯ ಪ್ರತಿಬಿಂಬ ಬಿದ್ದಿರುವ ಕಡೆ ಅಂಕೆ 60 ಎನ್ನಿ. ಹೊಸ ಚಿತ್ರದಲ್ಲಿ ಅಲ್ಲಿ ಅಚ್ಚಗಪ್ಪು, ಅಂದರೆ 0 ಇದ್ದರೆ, ಫಲ 60. ಕಿಟಕಿ ಪೂರ್ತಿ ಕಾಣುತ್ತದೆ. ಚಿತ್ರದಲ್ಲಿ ಮಧ್ಯಮ ಬೂದು 120 ಇದ್ದರೆ ಸರಿಯಾದ ಲೆಕ್ಕದಲ್ಲಿ ಸುಮಾರು 133 ಆಗುತ್ತದೆ. ಕಿಟಕಿ ಮಸುಕಾಗಿ ಉಳಿಯುತ್ತದೆ. ಚಿತ್ರದಲ್ಲಿ ಬೆಳ್ಳಗಿನ ಜಲಪಾತ, 240 ಇದ್ದರೆ ಫಲ 245 ಮಾತ್ರ. ಅಲ್ಲಿ ಕಿಟಕಿ ಮಾಯ. ಮನೆಯಲ್ಲಿ ಟೀವಿ ನೋಡುವಾಗ ನಮ್ಮೆಲ್ಲರ ಅನುಭವವೂ ಇದೇ: ರಾತ್ರಿಯ ದೃಶ್ಯ ಬಂದಾಗ ಕಿಟಕಿಯ ನೆರಳು ಕಾಟ ಕೊಡುತ್ತದೆ, ಕ್ರಿಕೆಟ್ ಮೈದಾನ ಬಂದರೆ ಅದು ನೆನಪಿಗೂ ಬರುವುದಿಲ್ಲ. ಅಂಕೆಗಳನ್ನು ಹಾಗೆಯೇ ಕೂಡಿಸಿದ್ದರೆ ಆ ಬೂದು 180ಕ್ಕೆ ಏರಿ ಪರದೆಯೆಲ್ಲ ಬಿಳಿಚಿಕೊಳ್ಳುತ್ತಿತ್ತು. ಫೋಟೋಶಾಪ್ ಬಳಸುವವರು ಸಾಮಾನ್ಯವಾಗಿ ಹಿಡಿಯುವ `Screen` ಎಂಬ ಲೇಯರ್ ವಿಧಾನ 152 ಕೊಡುತ್ತದೆ. ಅದು ತೀರಾ ಕೆಟ್ಟದಲ್ಲ, ಆದರೆ ಹೊಳಪು ಅಗತ್ಯಕ್ಕಿಂತ ಹೆಚ್ಚು. ಪಕ್ಕಾ ಫಲ ಬೇಕಿದ್ದವರು ಕಡತವನ್ನು 32 ಬಿಟ್‌ಗೆ ಬದಲಿಸಿ `Linear Dodge (Add)` ಬಳಸಬೇಕು. ಅಲ್ಲಿ ಲೆಕ್ಕ ನೇರ ಬೆಳಕಿನಲ್ಲೇ ನಡೆಯುತ್ತದೆ.

ಹೊಸ ಚಿತ್ರ ಎಷ್ಟು ಪ್ರಕಾಶವಾಗಿರಬೇಕು ಎಂಬುದನ್ನು ಕೋಣೆ ತೀರ್ಮಾನಿಸುತ್ತದೆ. ರಾತ್ರಿ ದೀಪ ಹಾಕಿದ ಹಾಲ್‌ನಲ್ಲಿ ಸಾಧಾರಣ ಟೀವಿಯ ಬಿಳಿ ಸುಣ್ಣದ ಗೋಡೆಗಿಂತ ನಾಲ್ಕೈದು ಪಟ್ಟು ಪ್ರಖರವಾಗಿರಬಹುದು. ಹಗಲಿನಲ್ಲಿ ಕಿಟಕಿಯ ಪಕ್ಕದ ಗೋಡೆಯೇ ಟೀವಿಯನ್ನು ಮೀರಿಸುತ್ತದೆ. ಹಗಲಿನ ಫೋಟೋದಲ್ಲಿ ಟೀವಿ ಝಗಝಗಿಸಿದರೆ ನಂಬಿಕೆ ಹುಟ್ಟದಿರುವುದು ಇದಕ್ಕೇ. ರಾತ್ರಿಯ ಫೋಟೋದಲ್ಲಿ ಇನ್ನೊಂದು ಜವಾಬ್ದಾರಿಯೂ ಸೇರುತ್ತದೆ. ಟೀವಿಯ ಬೆಳಕು ಕೆಳಗಿನ ಮೇಜಿನ ಮೇಲೆ, ಲ್ಯಾಪ್‌ಟಾಪ್‌ನ ಬೆಳಕು ಅದರದೇ ಕೀಲಿಗಳ ಮೇಲೆ ಚೆಲ್ಲಿರುತ್ತದೆ. ಪರದೆಯಲ್ಲಿ ಮೊದಲು ನೀಲಿ ಸಮುದ್ರವಿದ್ದು ಈಗ ಕೆಂಪು ಸೂರ್ಯಾಸ್ತ ಕೂರಿಸಿದರೆ ಮೇಜಿನ ಮೇಲಿನ ನೀಲಿ ಛಾಯೆಯೂ ಕೆಂಪಿಗೆ ತಿರುಗಬೇಕು. ಇದನ್ನು ಮರೆಯುವವರೇ ಹೆಚ್ಚು.

ಟೀವಿ ಉರಿಯುತ್ತಿದ್ದಾಗ ತೆಗೆದ ಒಂದೇ ಫೋಟೋ ಕೈಯಲ್ಲಿದ್ದರೆ ಪರಿಸ್ಥಿತಿ ಕಷ್ಟ. ಹಳೆಯ ಚಿತ್ರವೂ ಹೊಳಪೂ ಬೆರೆತುಹೋಗಿರುತ್ತವೆ, ಅವನ್ನು ಪೂರ್ತಿ ಬೇರ್ಪಡಿಸಲಾಗದು. ಹಳೆಯ ಚಿತ್ರದ ಕಪ್ಪು ಭಾಗಗಳಲ್ಲಿ ಮಾತ್ರ ಹೊಳಪು ಶುದ್ಧವಾಗಿ ಸಿಗುತ್ತದೆ. ಅಲ್ಲಿಂದ ಅದರ ಬಣ್ಣ, ತೀವ್ರತೆ ತಿಳಿದು ಉಳಿದ ಕಡೆಗೆ ಹರಡಬೇಕು. ಹೊಳಪನ್ನು ಕೈಯಿಂದಲೇ ಬಿಡಿಸಬೇಕಾದರೆ ಕನ್ನಡಿಯ ನಿಯಮ ನೆನಪಿರಲಿ: ಕಿಟಕಿ ಪರದೆಯ ಎದುರಿಗಿಲ್ಲದೆ ಅದೇ ಗೋಡೆಯ ಸಾಲಿನಲ್ಲಿದ್ದರೆ ಅದರ ಪ್ರತಿಬಿಂಬ ಪರದೆಯಲ್ಲಿ ಬೀಳುವುದೇ ಇಲ್ಲ. ಗಾಜಿನಂತೆ ಹೊಳೆಯುವ ಪರದೆಯಲ್ಲಿ ಕಿಟಕಿಯ ಚೌಕಟ್ಟು ಗುರುತಿಸುವಂತೆ ಕಾಣುತ್ತದೆ. ಹೊಳಪಿಲ್ಲದ ಪರದೆಯಲ್ಲಿ ಅದು ಮಂಜಿನಂಥ ಬೆಳ್ಳಗಿನ ಕಲೆಯಾಗಿ ಹರಡುತ್ತದೆ. ಮೂಲೆಯಿಂದ ಮೂಲೆಗೆ ಹಾಯುವ ಒಂದು ಬಿಳಿ ಪಟ್ಟಿ ಬಳಿದು ಹೊಳಪು ಎನ್ನುವ ರೂಢಿ ಹಳೆಯದು. ಅಂಥ ಬೆಳಕು ಯಾವ ಕೋಣೆಯಲ್ಲೂ ಇರುವುದಿಲ್ಲ.

ಕೊನೆಯ ಎರಡು ಕೆಲಸ ಚಿಕ್ಕವು. ಫೋಟೋದಲ್ಲಿನ ಯಾವ ಅಂಚೂ ಬ್ಲೇಡಿನಿಂದ ಕತ್ತರಿಸಿದಂತಿರುವುದಿಲ್ಲ, ಒಂದೆರಡು ಪಿಕ್ಸೆಲ್ ಅಗಲ ಮೆದುವಾಗಿರುತ್ತದೆ. ಹೊಸ ಚಿತ್ರದ ಅಂಚನ್ನೂ ಅಷ್ಟೇ ಮೆದು ಮಾಡಬೇಕು. ಕ್ಯಾಮೆರಾ ಕೋಣೆಯ ಮೇಲೆಲ್ಲ ಉದುರಿಸಿರುವ ಸಣ್ಣ ಕಣಗಳನ್ನು ಪರದೆಯ ಮೇಲೂ ಅದೇ ಪ್ರಮಾಣದಲ್ಲಿ ಸೇರಿಸಬೇಕು.

ಯಾವುದೋ ಫೋಟೋದ ಟೀವಿ ನಿಜವೋ ಅಂಟಿಸಿದ್ದೋ ಎಂದು ತಿಳಿಯಬೇಕಾದವರು ಚಿತ್ರದ ಕಪ್ಪನ್ನು ನೋಡಲಿ. ಹಗಲು ತುಂಬಿದ ಕೋಣೆಯಲ್ಲಿ ಪರದೆಯ ಕಪ್ಪು ಎಂದೂ ಕಡುಗಪ್ಪಾಗಿರದು, ಅದರೊಳಗೆ ಕೋಣೆ ಸ್ವಲ್ಪವಾದರೂ ಇಣುಕುತ್ತದೆ. ಕಪ್ಪು ಕಾಡಿಗೆಯಂತಿದ್ದರೆ ಅನುಮಾನಿಸಬಹುದು. ಇನ್ನು ಮನೆಯನ್ನೋ ಕಚೇರಿಯನ್ನೋ ಫೋಟೋ ತೆಗೆಯಲು ಹೊರಟವರಲ್ಲಿ ಒಂದು ಕೋರಿಕೆ. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಡಿ, ಸಾಧ್ಯವಿದ್ದರೆ ರಾ ಕಡತದಲ್ಲಿ ತೆಗೆಯಿರಿ, ಮೊಬೈಲ್ ತಾನಾಗಿ ಮಾಡುವ ತಿದ್ದುಪಡಿ ಬೆಳಕಿನ ಲೆಕ್ಕ ಕೆಡಿಸುತ್ತದೆ. ಹೊರಡುವ ಮುಂಚೆ ರಿಮೋಟ್ ಒತ್ತಿ ಟೀವಿ ಆರಿಸಿ, ಬೇರೇನನ್ನೂ ಕದಲಿಸದೆ ಇನ್ನೊಂದು ಫೋಟೋ ತೆಗೆದುಕೊಳ್ಳಿ.