ಮೇಲೇಳಲು ಒಪ್ಪದ ಬಿರಡೆ

ಒಮ್ಮೆ ಒತ್ತಿದರೆ ಮುಚ್ಚಿಕೊಳ್ಳಬೇಕು, ಮತ್ತೊಮ್ಮೆ ಒತ್ತಿದರೆ ಮೇಲೇಳಬೇಕು. ಈಗಿನ ವಾಶ್ ಬೇಸಿನ್ನುಗಳ ನಡುವೆ ಇರುವ ಪಾಪ್-ಅಪ್ ಬಿರಡೆಯ ಕೆಲಸ ಇಷ್ಟೇ. ಆದರೆ ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಂದು ದಿನ ಅದು ಮುಚ್ಚಿದ್ದು ಮುಚ್ಚಿದಂತೆಯೇ ಕೂತುಬಿಡುತ್ತದೆ. ಎಷ್ಟು ಒತ್ತಿದರೂ ಏಳುವುದಿಲ್ಲ. ಬೇಸಿನ್ ತುಂಬ ಸೋಪಿನ ನೀರು.

ಬಿರಡೆಯ ಕೆಳಗೆ ಬೆರಳುದ್ದದ ಒಂದು ಕಡ್ಡಿ ಇರುತ್ತದೆ, ಅದರೊಳಗೆ ಸ್ಪ್ರಿಂಗ್ ಮತ್ತು ಸಣ್ಣ ಕೊಕ್ಕೆ. ಒತ್ತಿದಾಗ ಕೊಕ್ಕೆ ಸಿಕ್ಕಿಕೊಳ್ಳುತ್ತದೆ, ಮತ್ತೆ ಒತ್ತಿದಾಗ ಬಿಟ್ಟುಕೊಡುತ್ತದೆ. ಗಡಸು ನೀರಿನ ಸುಣ್ಣ, ಸೋಪಿನ ಜಿಡ್ಡು, ಉದುರಿದ ಕೂದಲು ಸೇರಿ ಕಡ್ಡಿಯ ಸುತ್ತ ಗಟ್ಟಿ ಪದರ ಕಟ್ಟಿದರೆ ಸ್ಪ್ರಿಂಗಿನ ಬಲ ಸಾಲದು.

ಇಂಥ ಹೊತ್ತಿನಲ್ಲಿ ಹಲವರು ಸ್ಕ್ರೂಡ್ರೈವರ್ ತಂದು ಬಿರಡೆಯ ಅಂಚನ್ನು ಮೀಟುತ್ತಾರೆ. ಅದು ಬೇಡವೇ ಬೇಡ. ಬಿರಡೆಯ ಹೊಳಪು ಕಿತ್ತುಬರುವುದಷ್ಟೇ ಅಲ್ಲ, ಪಿಂಗಾಣಿಯೂ ಬಿರುಕು ಬಿಡಬಹುದು. ಡ್ರೈನ್ ಪುಡಿಯನ್ನೂ ಸುರಿಯಬಾರದು: ನೀರು ಇಳಿಯದ ಬೇಸಿನ್ನಿನಲ್ಲಿ ಆ ಕ್ಷಾರ ಅಲ್ಲೇ ನಿಲ್ಲುತ್ತದೆ, ಆಮೇಲೆ ಕೈ ಹಾಕುವವರ ಚರ್ಮ ಸುಡುತ್ತದೆ.

ಮೊದಲು ಮಗ್ಗಿನಿಂದ ನೀರು ಮೊಗೆದು, ಬಿರಡೆಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ನಂತರ ಅದರ ಮೇಲೆ ಅಗಲವಾದ ಅಂಟುಪಟ್ಟಿಯನ್ನು ಹಿಡಿಕೆಯಂತೆ ಮಡಚಿ ಅಂಟಿಸಿ, ಅಥವಾ ಗಾಜಿಗೆ ಅಂಟುವ ರಬ್ಬರ್ ಬಟ್ಟಲನ್ನು ಒತ್ತಿ ಕೂರಿಸಿ, ಮೇಲಕ್ಕೆ ಎಳೆಯುತ್ತಲೇ ಎಡಕ್ಕೆ ತಿರುಗಿಸಬೇಕು. ಎಳೆಯದೆ ಬರೀ ತಿರುಗಿಸಿದರೆ ಎಷ್ಟೋ ಸಲ ಬಿರಡೆ ಸುಮ್ಮನೆ ಸುತ್ತುತ್ತದೆ. ಪಟ್ಟು ಸಿಕ್ಕಾಗ ಕೆಲವು ಸುತ್ತಿನಲ್ಲಿ ಬಿರಡೆ ಮಾತ್ರವೋ ಕಡ್ಡಿಸಮೇತವೋ ಹೊರಬರುತ್ತದೆ.

ಬಾರದಿದ್ದರೆ ಕೆಳಗಿನಿಂದ ಪ್ರಯತ್ನ. ಬಕೆಟ್ ಇಟ್ಟು, ಬೇಸಿನ್ನಿನ ಅಡಿಯ ಬಾಟಲ್ ಟ್ರ್ಯಾಪನ್ನು ಕೈಯಿಂದಲೇ ಸಡಿಲಿಸಿ ತೆಗೆದು, ಮರದ ಕೋಲೊಂದನ್ನು ಕೊಳವೆಯೊಳಗೆ ತೂರಿಸಿ ಮೆಲ್ಲಗೆ ಮೇಲಕ್ಕೆ ತಳ್ಳಬೇಕು. ತಿರುಗಿಸುವಾಗ ಇಡೀ ಕೊಳವೆಯೇ ಸುತ್ತತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಅಡಿಯ ನಟ್ಟನ್ನು ಇನ್ನೊಬ್ಬರು ಹಿಡಿದುಕೊಳ್ಳಬೇಕು. ಇಲ್ಲವಾದರೆ ವಾಷರ್ ಸರಿದು ಸೋರಿಕೆ ಶುರುವಾಗುತ್ತದೆ.

ಹೊರಬಂದ ಕಡ್ಡಿಯ ಕೂದಲು ತೆಗೆದು, ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ಸುಣ್ಣ ಬಿಡುತ್ತದೆ. ಟಾಯ್ಲೆಟ್ ಆಸಿಡ್ ಬೇಗ ಕೆಲಸ ಮಾಡೀತು, ಆದರೆ ಲೋಹದ ಲೇಪವನ್ನೂ ತಿನ್ನುತ್ತದೆ. ತೊಳೆದ ಕಡ್ಡಿಯನ್ನು ಕೈಯಲ್ಲೇ ಒತ್ತಿ ನೋಡಬೇಕು. ಚಟಕ್ಕನೆ ಸದ್ದು ಮಾಡಿ ಪುಟಿದರೆ ಅದು ಇನ್ನೂ ಬಾಳುತ್ತದೆ. ಮಂಕಾಗಿ ಅರ್ಧಕ್ಕೆ ನಿಂತರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಆಗ ಹಳೆಯದನ್ನೇ ಅಂಗಡಿಗೆ ಒಯ್ದು, ಅದೇ ಉದ್ದ, ಅದೇ ಮರೆಯ ಕಡ್ಡಿ ತರಬೇಕು. ಕಂಪನಿಯಿಂದ ಕಂಪನಿಗೆ ಇವೆರಡೂ ಬೇರೆಯಾಗುತ್ತವೆ.

ಮತ್ತೆ ಕೂರಿಸುವಾಗ ಕೈಬಿಗಿ ಸಾಕು. ಬಳಿಕ ಬೇಸಿನ್ ತುಂಬಿಸಿ, ಬಿರಡೆ ಏಳಿಸಿ ನೀರು ಬಿಟ್ಟು, ಟ್ರ್ಯಾಪಿನ ಕೀಲುಗಳ ಸುತ್ತ ಒಣ ಕಾಗದ ಒತ್ತಿ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಬಿರಡೆ ಸಲೀಸಾಗಿ ಎದ್ದೂ ನೀರು ನಿಧಾನವಾಗಿಯೇ ಇಳಿಯುತ್ತಿದ್ದರೆ ಕಸ ಇರುವುದು ಟ್ರ್ಯಾಪಿನಲ್ಲಿ, ಅದನ್ನೂ ಬಿಚ್ಚಿ ತೊಳೆಯಬೇಕು.