ಬೀಡಿ ಬಿಡಲು ಫೋನು, ಜೊತೆಗೊಂದು ಗಮ್

ಬೀಡಿ, ಸಿಗರೇಟ್ ಪ್ಯಾಕಿನ ಮೇಲೆ 1800-11-2356 ಎಂಬ ಸಂಖ್ಯೆ ಇರುತ್ತದೆ. ಅದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್. 2016ರಲ್ಲಿ ದೆಹಲಿಯಲ್ಲಿ ಶುರುವಾದ ಈ ಉಚಿತ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಉಪದೇಶ ಕೇಳಬೇಕಾದೀತೆಂದು ಹೆದರಿ ಹಲವರು ಕರೆ ಮಾಡುವುದಿಲ್ಲ. ಆದರೆ ಅಲ್ಲಿ ಹೆಚ್ಚು ನಡೆಯುವುದು ವಿಚಾರಣೆ.

ಒಬ್ಬ ಆಟೊ ಚಾಲಕರು ಕರೆ ಮಾಡಿದರು ಎಂದುಕೊಳ್ಳೋಣ. ಅವರಿಗೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. “ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತೀರಿ ಸರ್?” ಎಂದು ಆಪ್ತಸಮಾಲೋಚಕಿ ಕೇಳುತ್ತಾರೆ. ಈ ಪ್ರಶ್ನೆಗೆ ತೂಕವಿದೆ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನಿಸಿದರೆ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿದೆ ಎಂದರ್ಥ. ಅಂಥವರಿಗೆ 2 ಮಿಲಿಗ್ರಾಮಿನ ನಿಕೋಟಿನ್ ಗಮ್ ಸಾಲದೆ, ವೈದ್ಯರನ್ನು ಕೇಳಿ 4 ಮಿಲಿಗ್ರಾಮಿನದು ತೆಗೆದುಕೊಳ್ಳಬೇಕಾಗಬಹುದು. ಆಮೇಲೆ ಬೀಡಿ ಬಿಡುವ ದಿನ ಗೊತ್ತು ಮಾಡುತ್ತಾರೆ. ಯಾವ ಸ್ಟ್ಯಾಂಡಿನಲ್ಲಿ, ಯಾರ ಜೊತೆ, ಯಾವ ಚಹಾ ಹೊತ್ತಿನಲ್ಲಿ ಕೈ ಜೇಬಿಗೆ ಹೋಗುತ್ತದೆ ಎಂದು ವಿಚಾರಿಸಿ, ಆ ಹೊತ್ತಿಗೆ ಬದಲಿ ಕೆಲಸ ಹುಡುಕುತ್ತಾರೆ. ಮುಂದಿನ ಕರೆಗಳನ್ನು ಕ್ವಿಟ್‌ಲೈನಿನವರೇ ಮಾಡುತ್ತಾರೆ.

ಬಿಟ್ಟ ಮೊದಲ ವಾರವೇ ಕಷ್ಟದ್ದು. ಸಿಡುಕು, ನಿದ್ದೆಗೇಡು, ಏಕಾಗ್ರತೆ ಇಲ್ಲದಿರುವುದು, ಎಲ್ಲ ಒಟ್ಟಿಗೆ ಬರುತ್ತವೆ. ಗಮ್ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು ಈ ಕಾಟವನ್ನು ತಗ್ಗಿಸುತ್ತದೆ, ಹೊಗೆಯ ವಿಷವೂ ಒಳಗೆ ಹೋಗುವುದಿಲ್ಲ. ಆದರೆ ಚಹಾ ಬಂದೊಡನೆ ಬೀಡಿ ಹುಡುಕುವ ಕೈಯನ್ನು ಗಮ್ ತಡೆಯಲಾರದು. ಅದಕ್ಕೆ ಬೇಕಾದ ತಯಾರಿ ಮಾತುಕತೆಯಲ್ಲೇ ಆಗಬೇಕು.

ಫೋನು ಔಷಧಿಯನ್ನೂ ಉಳಿಸುತ್ತದೆ. ಮೂರನೇ ದಿನ ನಮ್ಮ ಚಾಲಕರು, “ಗಮ್ ನನಗೆ ಆಗಿಬರಲಿಲ್ಲ ಮೇಡಂ, ಬಿಕ್ಕಳಿಕೆ, ಹೊಟ್ಟೆ ತೊಳಸು” ಎನ್ನುತ್ತಾರೆ. ಹೇಗೆ ಅಗಿದಿರಿ ಎಂದು ಕೇಳಿದರೆ ಕಾರಣ ಗೊತ್ತಾಗುತ್ತದೆ: ಮಾಮೂಲಿ ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದು ರಸ ನುಂಗಿದ್ದಾರೆ. ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಬಾಯಿಯ ಒಳಪದರದಿಂದ. ನುಂಗಿದ್ದರಲ್ಲಿ ಬಹುಪಾಲನ್ನು ಯಕೃತ್ತು ಒಡೆದುಹಾಕುತ್ತದೆ. ಚುರುಗುಟ್ಟುವವರೆಗೆ ನಿಧಾನ ಅಗಿದು, ಕೆನ್ನೆಯ ಸಂದಿಯಲ್ಲಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೂ ಕಾಲು ಗಂಟೆ ಮುಂಚಿನಿಂದಲೇ ಕಾಫಿ, ಹಣ್ಣಿನ ರಸ ಬೇಡ. ಆಮ್ಲವಿದ್ದರೆ ಬಾಯಿ ನಿಕೋಟಿನ್ ಹೀರುವುದಿಲ್ಲ. ಈ ತಿದ್ದುಪಡಿ ಸಿಗದೆ ಎಷ್ಟೋ ಜನ ಒಳ್ಳೆಯ ಔಷಧಿಯನ್ನು ಕೈಬಿಡುತ್ತಾರೆ ಎಂಬುದು ನನಗೆ ಬೇಸರದ ಸಂಗತಿ.

ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಮಾಮೂಲಿ ಆರೈಕೆ ಅಥವಾ ಚುಟುಕು ಸಲಹೆ ಸಿಕ್ಕ ನೂರು ಜನರಲ್ಲಿ ಸುಮಾರು 9 ಮಂದಿ ಆರು ತಿಂಗಳಾದರೂ ಬಿಟ್ಟೇ ಇದ್ದರು. ಸಮಾಲೋಚನೆ, ಔಷಧಿ ಎರಡೂ ಸಿಕ್ಕವರಲ್ಲಿ ಸುಮಾರು 15. ಅಂದರೆ ಹೆಚ್ಚಿನವರು ಮತ್ತೆ ಜಾರುತ್ತಾರೆ. ಚಾಲಕರೂ ಒಂದು ಸಂಜೆ ಬೀಡಿ ಹಚ್ಚಿದರೆ ಸಮಾಲೋಚಕಿ ಗಮ್ ನಿಲ್ಲಿಸಲು ಹೇಳುವುದಿಲ್ಲ. ಅಂದು ಎಷ್ಟು ಗಮ್ ಅಗಿದಿದ್ದರು, ಯಾರ ಜೊತೆ ಇದ್ದರು ಎಂದು ಕೇಳಿಕೊಂಡು ಮುಂದಿನ ಕರೆಯ ದಿನ ಬರೆದುಕೊಳ್ಳುತ್ತಾರೆ.