ಬಲಗಡೆ ಚಿಕ್ಕವು ಎಷ್ಟಿವೆ?

5200, 340, 9100, 340, 1200. ಈ ಸಾಲಿನ ಪ್ರತಿ ಸಂಖ್ಯೆಯ ಬಲಗಡೆ ಅದಕ್ಕಿಂತ ಚಿಕ್ಕವು ಎಷ್ಟಿವೆ? ಐದೇ ಆದ್ದರಿಂದ ಕಣ್ಣಲ್ಲೇ ಎಣಿಸಬಹುದು: 3, 0, 2, 0, 0. ಸಾಲಿನಲ್ಲಿ ಒಂದು ಲಕ್ಷ ಸಂಖ್ಯೆಗಳಿದ್ದರೆ, ಪ್ರತಿಯೊಂದನ್ನೂ ಬಲಗಡೆಯ ಎಲ್ಲದರ ಜೊತೆ ಹೋಲಿಸಲು ಸುಮಾರು 500 ಕೋಟಿ ಹೋಲಿಕೆಗಳು ಬೇಕು.

ಸಾಲನ್ನು ಬಲದಿಂದ ಎಡಕ್ಕೆ ಓದಿದರೆ ಕೆಲಸ ಹಗುರಾಗುತ್ತದೆ. ಒಂದು ಸಂಖ್ಯೆಯ ಬಳಿ ಬರುವ ಹೊತ್ತಿಗೆ ಅದರ ಬಲಗಡೆಯವೆಲ್ಲ ಆಗಲೇ ಲೆಕ್ಕಕ್ಕೆ ಸೇರಿರುತ್ತವೆ. ಅವುಗಳಲ್ಲಿ ಇದಕ್ಕಿಂತ ಚಿಕ್ಕವನ್ನು ಎಣಿಸಿ, ಬಳಿಕ ಇದನ್ನೂ ಸೇರಿಸಿಕೊಂಡು ಮುಂದೆ ಹೋದರಾಯಿತು.

ಈ ಲೆಕ್ಕ ಇಡಲು ಪ್ರತಿ ಸಂಖ್ಯೆಗೂ ಒಂದು ಮನೆ ಬೇಕು. ಐದು ಸಂಖ್ಯೆಗಳಿಗೋಸ್ಕರ 9100 ಮನೆ ಕಟ್ಟುವುದು ದಂಡ. ನಮಗೆ ಬೇಕಾದದ್ದು ಯಾವುದು ಚಿಕ್ಕದು, ಯಾವುದು ದೊಡ್ಡದು ಎಂಬುದಷ್ಟೇ. ಹಾಗಾಗಿ ಬೇರೆಬೇರೆ ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸಿ 340ಕ್ಕೆ 1, 1200ಕ್ಕೆ 2, 5200ಕ್ಕೆ 3, 9100ಕ್ಕೆ 4 ಎಂದು ಕ್ರಮಾಂಕ ಕೊಡುತ್ತೇವೆ. ಇದೇ ಕೋಆರ್ಡಿನೇಟ್ ಕಂಪ್ರೆಷನ್. ಈಗ ನಾಲ್ಕೇ ಮನೆ ಸಾಕು.

ಆ ಮನೆಗಳನ್ನು ನಡೆಸುವುದು ಫೆನ್ವಿಕ್ ಟ್ರೀ. ನ್ಯೂಜಿಲೆಂಡಿನ ಪೀಟರ್ ಫೆನ್ವಿಕ್ 1994ರಲ್ಲಿ ಪ್ರಕಟಿಸಿದ ಲೇಖನದಿಂದ ಇದಕ್ಕೆ ಆ ಹೆಸರು ಬಂತು. ಇದರ ಚಮತ್ಕಾರವೆಂದರೆ, ಮನೆಗಳು ಒಂದೊಂದೇ ಕ್ರಮಾಂಕದ ಲೆಕ್ಕವನ್ನಷ್ಟೇ ಇಡುವುದಿಲ್ಲ. 1ನೇ ಮನೆಯಲ್ಲಿ 1ರದು, 2ನೇ ಮನೆಯಲ್ಲಿ 1 ಮತ್ತು 2ರ ಒಟ್ಟು, 3ರಲ್ಲಿ 3ರದು ಮಾತ್ರ, 4ರಲ್ಲಿ ನಾಲ್ಕರದೂ ಒಟ್ಟು. ಮನೆಸಂಖ್ಯೆಯನ್ನು ಭಾಗಿಸುವ 2ರ ಅತಿ ದೊಡ್ಡ ಘಾತವೇ ಆ ಮನೆಯ ವ್ಯಾಪ್ತಿ. ಅದನ್ನು `i & -i` ಕೊಡುತ್ತದೆ.

```
def add(i):
    while i <= n:
        t[i] += 1
        i += i & -i

def count(i):
    s = 0
    while i > 0:
        s += t[i]
        i -= i & -i
    return s
```

ಬಲತುದಿಯ 1200ರ ಕ್ರಮಾಂಕ 2. `count(1)` ಸೊನ್ನೆ ಕೊಡುತ್ತದೆ. ಆಮೇಲೆ `add(2)` ಎಂದಾಗ 2 ಮತ್ತು 4ನೇ ಮನೆಗಳು ಒಂದೊಂದು ಏರುತ್ತವೆ. ಮುಂದಿನ 340ಕ್ಕೂ ಉತ್ತರ ಸೊನ್ನೆಯೇ. ಅದನ್ನು ಸೇರಿಸಿದಾಗ 1, 2, 4ನೇ ಮನೆಗಳು ಏರುತ್ತವೆ. ಈಗ 9100ರ ಸರದಿ. `count(3)` ಕೇಳಿದರೆ 3ನೇ ಮನೆಯಲ್ಲಿ ಏನೂ ಇಲ್ಲ, 2ನೇ ಮನೆಯಲ್ಲಿ 2 ಇದೆ; ಉತ್ತರ 2. ಹೀಗೆ ಸಾಗಿ 5200ಕ್ಕೆ ಬರುವಾಗ `count(2)` ಒಂದೇ ಮನೆ ನೋಡಿ 3 ಎನ್ನುತ್ತದೆ. ಲಕ್ಷ ಸಂಖ್ಯೆಗಳಿದ್ದರೂ ಒಮ್ಮೆ ಸೇರಿಸಲು ಅಥವಾ ಕೇಳಲು 17ಕ್ಕಿಂತ ಹೆಚ್ಚು ಮನೆ ಮುಟ್ಟಬೇಕಾಗಿಲ್ಲ. 500 ಕೋಟಿಯ ಕೆಲಸ 34 ಲಕ್ಷದೊಳಗೆ ಮುಗಿಯುತ್ತದೆ. ಜೋಡಿಸುವ ಖರ್ಚು ಬೇರೆ, ಅದೂ ದೊಡ್ಡದಲ್ಲ.

ಕ್ರಮಾಂಕ 1ರಿಂದಲೇ ಶುರುವಾಗಬೇಕು. ಸೊನ್ನೆ ಕೊಟ್ಟರೆ `0 & -0` ಕೂಡ ಸೊನ್ನೆಯೇ ಆಗಿ, `add` ನಿಂತಲ್ಲೇ ಸುತ್ತುತ್ತ ಪ್ರೋಗ್ರಾಂ ಮುಗಿಯುವುದೇ ಇಲ್ಲ. ಇದು ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ತಪ್ಪು ಸದ್ದಿಲ್ಲದೆ ಬರುತ್ತದೆ: ಕ್ರಮಾಂಕಕ್ಕಿಂತ ಒಂದು ಕಡಿಮೆ ಕೇಳುವ ಬದಲು ಅದೇ ಕ್ರಮಾಂಕ ಕೇಳಿದರೆ ಸಮನಾದವೂ ಚಿಕ್ಕವೆಂದು ಎಣಿಕೆಯಾಗುತ್ತವೆ. 7, 7, 7 ಕೊಟ್ಟು ನೋಡಿ. 0, 0, 0 ಬರಬೇಕಾದಲ್ಲಿ 2, 1, 0 ಬಂದರೆ ತಪ್ಪು ಅಲ್ಲೇ ಇದೆ.